ಇಂಟರ್‌ವ್ಯೂ ಮುಗೀತು, ಸುದ್ದಿ ಇಲ್ಲ: ಮತ್ತೆ ಕೇಳೋದು ಯಾವಾಗ, ಯಾರನ್ನ, ಹೇಗೆ?

2025ರ ಫೆಬ್ರುವರಿ ಮೊದಲ ವಾರ. ದಾವಣಗೆರೆಯ ವಿದ್ಯಾನಗರದಲ್ಲಿರುವ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆ. ಅಕ್ಕನ ಮಗಳು ಫೋನ್ ಹಿಡಿದುಕೊಂಡು ಬಂದಳು. "ಮಾಮ, ಇದನ್ನ ಕಳಿಸ್ಲಾ?" ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದು ಇಷ್ಟೇ: "ಹಾಯ್ ಮೇಡಂ, ಎನಿ ಅಪ್‌ಡೇಟ್??" ಗಂಟೆ ರಾತ್ರಿ ಹತ್ತೂಮುಕ್ಕಾಲು. ಮೇಲೆ ಇಂಥವೇ ಎರಡು ಮೆಸೇಜು ಆಗಲೇ ಹೋಗಿದ್ದವು. ಎರಡಕ್ಕೂ ನೀಲಿ ಗೆರೆ ಬಿದ್ದಿತ್ತು, ಉತ್ತರ ಇರಲಿಲ್ಲ.

ನಾನು ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಆ ನೀಲಿ ಗೆರೆಯ ಆಚೆ ಬದಿಯಲ್ಲಿ ಕೂತಿದ್ದವನು. ಒಂದೇ ಸಲಕ್ಕೆ ಹದಿನೈದು ಹುದ್ದೆ, ಒಂದೊಂದಕ್ಕೆ ನಾಲ್ಕೈದು ಸುತ್ತು. "ಎನಿ ಅಪ್‌ಡೇಟ್" ಎಂದು ಬಂದರೆ ಯಾರು, ಯಾವ ಹುದ್ದೆ, ಯಾವ ಸುತ್ತು ಎಂದು ನಾನೇ ಹುಡುಕಬೇಕಿತ್ತು. ಆಮೇಲೆ ನೋಡೋಣ ಅಂದುಕೊಂಡಿದ್ದು ಆಮೇಲೆ ಆಗುತ್ತಲೇ ಇರಲಿಲ್ಲ. ಅಕ್ಕನ ಮಗಳ ಆ ಅರ್ಜಿ ಅಲ್ಲಿಗೆ ಮುಗಿಯಿತು. ಮುಂದಿನದಕ್ಕೆ ನಾವಿಬ್ಬರೂ ಗೋಡೆ ಕ್ಯಾಲೆಂಡರ್ ಕೆಳಗಿಳಿಸಿ ಲೆಕ್ಕ ಹಾಕಿದೆವು. ಆ ಲೆಕ್ಕವೇ ಈ ಲೇಖನ. ಅವಳು ಊರಲ್ಲೇ ಒಂದು ಸಣ್ಣ ಆಫೀಸಿನಲ್ಲಿ ಎರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ನೋಟಿಸ್ ಅವಧಿ ಮೂವತ್ತು ದಿನ.

ಅವರು ಹೇಳಿದ ದಿನ, ಅದರ ಮೇಲೆ ಎರಡು

ಎಷ್ಟು ದಿನ ಬಿಟ್ಟು ಕೇಳಬೇಕು ಅನ್ನುವುದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದು ಸಂಖ್ಯೆ ಇಲ್ಲ. ಅವರು ಬಾಯಿಬಿಟ್ಟು ಹೇಳಿದ ದಿನವೇ ಆಧಾರ. ಅದು ದಾಟಿ ಎರಡು ಕೆಲಸದ ದಿನ ಬಿಟ್ಟು ಕೇಳಬೇಕು. ಹಾಗಾಗಿ ಪ್ರತಿ ಸುತ್ತಿನ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿಯೇ ಫೋನ್ ಇಡಬೇಕು: "ಮುಂದಿನ ಸುದ್ದಿ ಸುಮಾರು ಯಾವಾಗ ಬರಬಹುದು? ಆ ನಡುವೆ ಏನಾದರೂ ಕೇಳಬೇಕಿದ್ದರೆ ಮೇಲ್ ಮಾಡಲೇ, ಮೆಸೇಜ್ ಮಾಡಲೇ?" ಇಷ್ಟು ಕೇಳಿದ್ದರೆ ಮುಂದೆ ನೀವು ಬರೆಯುವುದು ಪೀಡಿಸಿದ ಹಾಗಾಗುವುದಿಲ್ಲ. ಅವರೇ ಕೊಟ್ಟ ದಿನವನ್ನು ನೆನಪಿಸಿದ ಹಾಗಾಗುತ್ತದೆ.

ದಿನ ಎಣಿಸುವಾಗ ಶನಿವಾರ, ಭಾನುವಾರ, ಹಬ್ಬ ಬಿಟ್ಟು ಎಣಿಸಿ. ಸೋಮವಾರ ಬೆಳಿಗ್ಗೆ, ಶುಕ್ರವಾರ ಮಧ್ಯಾಹ್ನದ ಮೇಲೆ ಕಳಿಸಬೇಡಿ. ಮಂಗಳವಾರ, ಬುಧವಾರ ಹತ್ತೂವರೆ ಹನ್ನೊಂದರ ಹೊತ್ತು ನನ್ನ ಅನುಭವದಲ್ಲಿ ಒಳ್ಳೆಯದು. ಇದು ಶಾಸ್ತ್ರವಲ್ಲ. ಆ ಹೊತ್ತಿಗೆ ಎಚ್‌ಆರ್‌ನವರು ಮೀಟಿಂಗ್ ಮುಗಿಸಿ ಇನ್‌ಬಾಕ್ಸ್ ಮುಂದೆ ಕೂತಿರುತ್ತಾರೆ, ಅಷ್ಟೇ.

ಅರ್ಜಿ ಹಾಕಿದ ಮೇಲೆ

ಫೆಬ್ರುವರಿ 10, ಸೋಮವಾರ ಬೆಂಗಳೂರಿನ ಇನ್ನೊಂದು ಕಂಪನಿಗೆ ಅರ್ಜಿ ಹಾಕಿದಳು. ಅದೇ ಕಂಪನಿಯಲ್ಲಿದ್ದ ಕಾಲೇಜಿನ ಸೀನಿಯರ್ ಒಬ್ಬಳು ರೆಫರ್ ಮಾಡಿದ್ದಳು. ಈ ಹಂತದಲ್ಲಿ ಎಚ್‌ಆರ್‌ನ ಹೆಸರು ಹುಡುಕಿ ಬರೆಯುವುದು ದಂಡ. ನಿಮ್ಮ ಅರ್ಜಿಯನ್ನು ಅವರಿನ್ನೂ ತೆರೆದೇ ಇರುವುದಿಲ್ಲ. ಏಳು ಕೆಲಸದ ದಿನ ಬಿಟ್ಟು, ಅಂದರೆ 19ರ ಬುಧವಾರ, ಸೀನಿಯರ್‌ಗೇ ವಾಟ್ಸ್‌ಆ್ಯಪ್ ಹೋಯಿತು: "ಅಕ್ಕಾ, ಬಿಡುವಿದ್ದಾಗ ಪೋರ್ಟಲ್‌ನಲ್ಲಿ ನನ್ನ ಅರ್ಜಿ ಯಾವ ಹಂತದಲ್ಲಿದೆ ಅಂತ ಒಂದ್ಸಲ ನೋಡ್ತೀಯಾ?" ರೆಫರ್ ಮಾಡಿದವರಿಗೆ ಒಳಗಿನ ಪೋರ್ಟಲ್‌ನಲ್ಲಿ ಅದು ಸಾಮಾನ್ಯವಾಗಿ ಕಾಣುತ್ತದೆ. ಸಲುಗೆ ನಡೆಯುವುದು ಈ ಒಂದು ಕಡೆ ಮಾತ್ರ.

ಕನ್ಸಲ್ಟೆನ್ಸಿ ಮೂಲಕ ಹೋಗಿದ್ದರೆ ಕೊನೆಯವರೆಗೂ ಕನ್ಸಲ್ಟೆಂಟ್‌ನನ್ನೇ ಕೇಳಬೇಕು. ನೇರ ಕಂಪನಿಗೆ ಬರೆದರೆ ಅವನ ಕಮಿಷನ್ ತಕರಾರಿಗೆ ಬೀಳುತ್ತದೆ, ಆ ಜಗಳದಲ್ಲಿ ನಿಮ್ಮ ಅರ್ಜಿ ಬದಿಗೆ ಹೋಗುತ್ತದೆ.

ಎಚ್‌ಆರ್ ಕಾಲ್, ಟೆಸ್ಟ್, ಮೊದಲ ಟೆಕ್ನಿಕಲ್

21ರ ಶುಕ್ರವಾರ ಎಚ್‌ಆರ್ ಕಾಲ್ ಬಂತು. ಹದಿನೈದು ನಿಮಿಷ. ಒಂದು ವಾರದೊಳಗೆ ಟೆಸ್ಟ್ ಲಿಂಕ್ ಬರುತ್ತದೆ ಎಂದರು. ನಡುವೆ 26ಕ್ಕೆ ಶಿವರಾತ್ರಿ. ಕ್ಯಾಲೆಂಡರ್‌ನಲ್ಲಿ ಮಾರ್ಚ್ 4ಕ್ಕೆ ಗುರುತು ಹಾಕಿದೆವು, ಆದರೆ ಲಿಂಕ್ 27ಕ್ಕೇ ಬಂತು. ಟೆಸ್ಟ್ ಮುಗಿದ ಮೇಲೆ ಪರದೆಯ ಮೇಲೆ "ಸಲ್ಲಿಸಲಾಗಿದೆ" ಅಂತ ಬಂದರೆ ಸುಮ್ಮನಿರಬೇಕು. ಬರದೆ ಸಿಕ್ಕಿಹಾಕಿಕೊಂಡರೆ ಮಾತ್ರ ಸ್ಕ್ರೀನ್‌ಶಾಟ್ ಸಮೇತ ಅದೇ ದಿನ ಮೇಲ್ ಮಾಡಬೇಕು.

ಮಾರ್ಚ್ 7, ಶುಕ್ರವಾರ ವಿಡಿಯೊದಲ್ಲಿ ಮೊದಲ ಟೆಕ್ನಿಕಲ್ ಸುತ್ತು. ಅವತ್ತೇ ಸಂಜೆ ಎಚ್‌ಆರ್‌ಗೆ ಧನ್ಯವಾದದ ಮೇಲ್ ಹೋಯಿತು. ಇಲ್ಲಿ ಬಹಳ ಜನ ಕಾಪಿ ಹೊಡೆದ ಎಂಟು ಸಾಲು ಕಳಿಸುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಅವಳದು ಮೂರೇ ಸಾಲು. ಇಂಟರ್‌ವ್ಯೂನಲ್ಲಿ ಹಣ ಪಾವತಿ ಪುಟವನ್ನು ಹೇಗೆ ಪರೀಕ್ಷಿಸುತ್ತೀಯ ಎಂದು ಕೇಳಿದ್ದರು, ನೆಟ್‌ವರ್ಕ್ ಮಧ್ಯದಲ್ಲಿ ಕಡಿದುಹೋದರೆ ಏನು ಅನ್ನುವುದನ್ನು ಅವಳು ಹೇಳಲು ಮರೆತಿದ್ದಳು. ಎರಡನೇ ಸಾಲಿನಲ್ಲಿ ಅದನ್ನು ಸೇರಿಸಿ, ಈ ಮಾತನ್ನು ಇಂಟರ್‌ವ್ಯೂ ಮಾಡಿದವರಿಗೆ ತಲುಪಿಸಿ ಎಂದು ಕೇಳಿಕೊಂಡಳು. ಒಂದೇ ಒಂದು, ನಿಜವಾಗಿ ಬಿಟ್ಟುಹೋದ ಮಾತಾದರೆ ಸರಿ. ಇಡೀ ಉತ್ತರಪತ್ರಿಕೆ ಮತ್ತೆ ಬರೆದರೆ ಕೆಡುತ್ತದೆ.

ಒಂದು ವಾರ ಎಂದಿದ್ದರು, ಅಂದರೆ 14. ಮೇಲೆರಡು ದಿನ ಸೇರಿಸಿ 18ರ ಮಂಗಳವಾರ ಬರೆದಳು. ಹೊಸ ಮೇಲ್ ಅಲ್ಲ, ಇಂಟರ್‌ವ್ಯೂ ಆಹ್ವಾನ ಬಂದಿದ್ದ ಅದೇ ಮೇಲ್‌ಗೆ ರಿಪ್ಲೈ. ಹುದ್ದೆ, ದಿನಾಂಕ, ಸಂದರ್ಶಕರ ಹೆಸರು ಎಲ್ಲ ಕೆಳಗೇ ಇರುವುದರಿಂದ ಎಚ್‌ಆರ್ ಹುಡುಕಬೇಕಿಲ್ಲ. ಮಧ್ಯಾಹ್ನಕ್ಕೆ ಉತ್ತರ ಬಂತು: 27ರ ಗುರುವಾರ ಬೆಂಗಳೂರಿಗೆ ಬನ್ನಿ, ಮ್ಯಾನೇಜರ್ ಸುತ್ತು.

ಊರಿಂದ ಹೋಗುವವರಿಗೆ ಇಲ್ಲಿ ಒಂದು ಹೆಚ್ಚಿನ ಕೆಲಸವಿದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೊರಡುವ ಹಿಂದಿನ ದಿನ, ಟಿಕೆಟ್ ರದ್ದು ಮಾಡಲು ಇನ್ನೂ ಸಮಯ ಇರುವಾಗಲೇ, ಒಂದು ಮೆಸೇಜ್ ಹಾಕಬೇಕು: "ನಾಳೆ ರಾತ್ರಿ ದಾವಣಗೆರೆಯಿಂದ ಹೊರಡುತ್ತಿದ್ದೇನೆ, ಗುರುವಾರ 11 ಗಂಟೆ ಖಚಿತವೇ?" ವಾಟ್ಸ್‌ಆ್ಯಪ್ ಮೆಸೇಜ್‌ಗೆ ಸರಿಯಾದ ಜಾಗ ಇದೇ, ಯಾಕೆಂದರೆ ಉತ್ತರ ಒಂದೇ ಪದ ಮತ್ತು ಅದು ಅವತ್ತೇ ಬೇಕು. ಇದನ್ನು ಕೇಳದೆ ಹೋಗಿ, ಮ್ಯಾನೇಜರ್ ರಜೆ ಎಂದು ವಾಪಸ್ ಬಂದ ಹುಡುಗರನ್ನು ನಾನೇ ರಿಸೆಪ್ಷನ್‌ನಲ್ಲಿ ಕಂಡಿದ್ದೇನೆ.

ದೊಡ್ಡ ಮೌನ

ಇಂಟರ್‌ವ್ಯೂ ಚೆನ್ನಾಯಿತು. ಮುಂದಿನ ವಾರ ಹೇಳುತ್ತೇವೆ ಎಂದರು. 30 ಭಾನುವಾರ ಯುಗಾದಿ, 31ಕ್ಕೆ ರಂಜಾನ್, ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷ. ಇದೇ ಹೊತ್ತಿನಲ್ಲಿ ಕಂಪನಿಗಳು ಹುದ್ದೆಗಳ ಬಜೆಟ್‌ಗೆ ಮತ್ತೆ ಒಪ್ಪಿಗೆ ತೆಗೆದುಕೊಳ್ಳುತ್ತವೆ. ಏಪ್ರಿಲ್ 8ರ ಮಂಗಳವಾರ ಮೇಲ್ ಹೋಯಿತು. ಉತ್ತರ ಇಲ್ಲ.

ಈ ಮೌನದ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ. ಸಂದರ್ಶಕರು ತಮ್ಮ ಅಭಿಪ್ರಾಯವನ್ನು ಸಿಸ್ಟಂನಲ್ಲಿ ಇನ್ನೂ ತುಂಬಿಲ್ಲ. ಅಥವಾ ಹುದ್ದೆಗೇ ಮೇಲಿನವರ ಸಹಿ ಬಾಕಿ. ಅಥವಾ ಬೇರೊಬ್ಬರಿಗೆ ಆಫರ್ ಕೊಟ್ಟು, ಅವರು ಹೂಂ ಅನ್ನುವವರೆಗೆ ನಿಮ್ಮನ್ನು ಎರಡನೆಯವರಾಗಿ ಇಟ್ಟುಕೊಂಡಿದ್ದಾರೆ. ಮೂರನೆಯದನ್ನು ಯಾವ ಎಚ್‌ಆರ್ ಕೂಡ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳಿದವನಲ್ಲ; "ಪ್ರೊಸೆಸ್ ನಡೀತಿದೆ" ಅನ್ನುತ್ತಿದ್ದೆ. ಸಹಿ ಬಾಕಿ ಇದ್ದರೆ ಮಾತ್ರ "ಅಪ್ರೂವಲ್" ಅನ್ನುವ ಪದ ತಾನಾಗಿ ಬಾಯಿಗೆ ಬರುತ್ತಿತ್ತು. ಈ ವ್ಯತ್ಯಾಸ ಕಿವಿಗೆ ಬೀಳಬೇಕಾದರೆ ಮೇಲ್ ಸಾಲದು, ದನಿ ಕೇಳಬೇಕು.

ಅದಕ್ಕೇ ಒಂದೇ ಹಂತದಲ್ಲಿ ಎರಡನೇ ಸಲ ಕೇಳುವಾಗ ದಾರಿ ಬದಲಿಸಬೇಕು. 16ರ ಬುಧವಾರ ಬೆಳಿಗ್ಗೆ ಮೆಸೇಜ್: "ಇವತ್ತು ಎರಡು ನಿಮಿಷ ಫೋನ್ ಮಾಡಬಹುದೇ?" ಹನ್ನೊಂದೂವರೆಗೆ ಮಾಡಿ ಎಂದರು. ಫೋನ್‌ನಲ್ಲಿ ದೂರಿನ ದನಿ ಬರಬಾರದು, ಬೇಡಿಕೊಳ್ಳುವ ದನಿಯೂ ಬರಬಾರದು. ಅವಳು ಕೇಳಿದ್ದು ಒಂದೇ: "ನನ್ನ ಕಡೆಯಿಂದ ಏನಾದರೂ ಬಾಕಿ ಇದೆಯಾ, ಇಲ್ಲ ಒಳಗಿನ ಒಪ್ಪಿಗೆಗೆ ಕಾಯಬೇಕಾ?" ಎಚ್‌ಆರ್ ಅಪ್ರೂವಲ್ ಬಾಕಿ ಎಂದರು. ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ ಬರೆಯಲಾ ಎಂದು ಅವಳು ನನ್ನನ್ನು ಕೇಳಿದಳು. ಬೇಡ ಎಂದೆ. ಎಚ್‌ಆರ್ ಉತ್ತರ ಕೊಡುತ್ತಿರುವಾಗ ಅವರ ತಲೆ ಮೇಲಿಂದ ಹಾಯ್ದು ಹೋದರೆ ಇಬ್ಬರಿಗೂ ಮುಜುಗರ.

ಎರಡಕ್ಕೂ ಉತ್ತರ ಬರದಿದ್ದರೆ? ಎರಡು ವಾರ ಬಿಟ್ಟು ಕೊನೆಯ ಮೇಲ್, ಅದರಲ್ಲಿ ಪ್ರಶ್ನೆಯೇ ಬೇಡ. "ಬೇರೆ ಕಡೆಯೂ ನೋಡುತ್ತಿದ್ದೇನೆ, ಹುದ್ದೆ ಮುಂದುವರಿದರೆ ಖಂಡಿತ ತಿಳಿಸಿ" ಎಂದು ಬರೆದು ಬಿಟ್ಟುಬಿಡುವುದು.

ಇನ್ನೊಂದು ಆಫರ್ ಕೈಗೆ ಬಂದಾಗ

17ಕ್ಕೆ ಹುಬ್ಬಳ್ಳಿಯ ಕಂಪನಿಯೊಂದು ಅವಳಿಗೆ ಆಫರ್ ಕೊಟ್ಟಿತು, 25ರ ಶುಕ್ರವಾರದೊಳಗೆ ಒಪ್ಪಬೇಕು. ಇಲ್ಲಿ ದಿನ ಎಣಿಸುವ ನಿಯಮ ಮುರಿಯಬಹುದು, ಯಾಕೆಂದರೆ ನೀವೀಗ ಕೇಳುತ್ತಿಲ್ಲ, ತಿಳಿಸುತ್ತಿದ್ದೀರಿ. ಅವತ್ತೇ ಮೇಲ್ ಹೋಯಿತು: "ನನಗೆ ಇನ್ನೊಂದು ಆಫರ್ ಬಂದಿದೆ, 25ರೊಳಗೆ ಉತ್ತರಿಸಬೇಕು. ನನ್ನ ಆದ್ಯತೆ ನಿಮ್ಮ ಹುದ್ದೆಗೇ. ಅದಕ್ಕೂ ಮೊದಲು ನಿಮ್ಮ ನಿರ್ಧಾರ ತಿಳಿಯಬಹುದೇ?" ಸಂಬಳದ ಅಂಕಿ ಬರೆಯಲಿಲ್ಲ, ಇಲ್ಲದ ಆಫರ್ ಹುಟ್ಟಿಸಲೂ ಇಲ್ಲ. ಲೆಟರ್ ತೋರಿಸಿ ಎಂದು ಕೇಳುವವರಿದ್ದಾರೆ.

22ಕ್ಕೆ ಫೋನ್ ಬಂತು: ಸೆಲೆಕ್ಟ್ ಆಗಿದೆ. ಅಕ್ಕ ಆಗಲೇ ಪಕ್ಕದ ಮನೆಗೆ ಸುದ್ದಿ ಮುಟ್ಟಿಸಿಯಾಗಿತ್ತು. ಆದರೆ ಬಾಯಿಮಾತು ಆಫರ್ ಅಲ್ಲ. ಸಂಬಳ, ಸೇರುವ ದಿನ ಎರಡನ್ನೂ ಬರೆದು ಅರ್ಧ ಗಂಟೆಯಲ್ಲಿ ಅವಳೇ ಮೇಲ್ ಹಾಕಿದಳು: "ಫೋನ್‌ನಲ್ಲಿ ಮಾತಾಡಿದ್ದು ಹೀಗೆ, ಲೆಟರ್ 24ರೊಳಗೆ ಬಂದರೆ ಅನುಕೂಲ." 24ರ ಸಂಜೆ ಲೆಟರ್ ಬಂತು. 25ಕ್ಕೆ ಹುಬ್ಬಳ್ಳಿಯವರಿಗೆ ನಯವಾಗಿ ಒಲ್ಲೆ ಎಂದು ಬರೆದು, 28ರ ಸೋಮವಾರ ರಾಜೀನಾಮೆ ಕೊಟ್ಟಳು.

ಸೇರುವ ತನಕ

ಇಲ್ಲಿಂದ ಗಾಳಿ ತಿರುಗುತ್ತದೆ. ಈಗ ಭಯ ಎಚ್‌ಆರ್‌ನವರಿಗೆ: ಹುಡುಗಿ ಕೈ ಕೊಟ್ಟಾಳೇ ಎಂದು. ನೋಟಿಸ್ ಅವಧಿಯಲ್ಲಿ ಸುಮ್ಮನಾದ ಅಭ್ಯರ್ಥಿಯ ಜಾಗಕ್ಕೆ ಅವರು ಒಳಗೊಳಗೇ ಇನ್ನೊಬ್ಬರನ್ನು ನೋಡತೊಡಗುತ್ತಾರೆ. ಹಾಗಾಗಿ ಈ ಹಂತದಲ್ಲಿ ಅವರು ಕೇಳುವ ಮುಂಚೆ ನೀವೇ ಹೇಳಬೇಕು. ರಾಜೀನಾಮೆ ಸ್ವೀಕೃತವಾದ ದಿನ ಆ ಮೇಲ್‌ನ ಪ್ರತಿ, ನಡುವೆ ಎರಡು ವಾರಕ್ಕೊಂದು ಸಾಲು, ಕೊನೆಯ ದಿನ ಖಚಿತವಾದಾಗ ಇನ್ನೊಂದು. ದಾಖಲೆ ಪರಿಶೀಲನೆಯವರು ಸಾಮಾನ್ಯವಾಗಿ ಬೇರೆ ಏಜೆನ್ಸಿಯವರು. ಅವರು ಕೇಳಿದ್ದನ್ನು ಕೊಟ್ಟು ಎಚ್‌ಆರ್‌ಗೂ ಪ್ರತಿ ಹಾಕಬೇಕು. ಪಿಎಫ್ ಖಾತೆಯಲ್ಲಿ ಕೆಲಸಕ್ಕೆ ಸೇರಿದ ದಿನ ಮತ್ತು ರೆಸ್ಯೂಮೆಯಲ್ಲಿ ಬರೆದ ದಿನ ಹೊಂದದಿದ್ದರೆ ಅವರು ಹಿಡಿಯುವ ಮೊದಲು ನೀವೇ ಕಾರಣ ತಿಳಿಸಿ.

ಅವಳ ರಿಲೀವಿಂಗ್ ಲೆಟರ್ ತಡವಾಯಿತು. ಮೇ 28 ಕೊನೆಯ ದಿನ, ಸೇರುವುದು ಜೂನ್ 2. ಹಳೆಯ ಆಫೀಸಿನ ಯಜಮಾನರು ಊರಲ್ಲಿರಲಿಲ್ಲ. 29ರ ಬೆಳಿಗ್ಗೆಯೇ ಬರೆದಳು: "ಲೆಟರ್ ಜೂನ್ 5ಕ್ಕೆ ಸಿಗುತ್ತದೆ, ರಾಜೀನಾಮೆ ಒಪ್ಪಿದ ಮೇಲ್ ಲಗತ್ತಿಸಿದ್ದೇನೆ, ಇದರ ಮೇಲೆ ಸೇರಬಹುದೇ?" ಹತ್ತು ನಿಮಿಷದಲ್ಲಿ ಉತ್ತರ: "ಓಕೆ, ಬನ್ನಿ."