ವಿದೇಶಕ್ಕೆ ಹಣ ಕಳಿಸಿದಾಗ ವಸೂಲಾದ ಟಿಸಿಎಸ್: ಲೆಕ್ಕ ಹೇಗೆ, ವಾಪಸ್ ಪಡೆಯುವುದು ಹೇಗೆ?

ತೆರಿಗೆಯಿಲ್ಲದೆ ಕಳಿಸಬಹುದಾದ ವರ್ಷದ ಮಿತಿ ಮುಗಿದ ಮೇಲೆ, 2026ರ ಜನವರಿಯಲ್ಲಿ ಮಗಳ ಕಾಲೇಜು ಶುಲ್ಕವೆಂದು ಬ್ಯಾಂಕಿನಿಂದ ಆರು ಲಕ್ಷ ರೂಪಾಯಿ ವಿದೇಶಕ್ಕೆ ಕಳಿಸಿದಿರಿ ಎನ್ನಿ. ಖಾತೆಯಿಂದ ಹೋದದ್ದು ಆರು ಲಕ್ಷದ ಮೂವತ್ತು ಸಾವಿರ. ಆ ಮೂವತ್ತು ಸಾವಿರ ಬ್ಯಾಂಕಿನ ಕಮಿಷನ್ ಅಲ್ಲ, ವಿಶ್ವವಿದ್ಯಾಲಯಕ್ಕೆ ಸೇರಿದ್ದೂ ಅಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಮುಂಗಡವಾಗಿ ಜಮೆಯಾದ ನಿಮ್ಮದೇ ಹಣ. ಇದಕ್ಕೆ ಟಿಸಿಎಸ್ ಎನ್ನುತ್ತಾರೆ, ಅಂದರೆ ಮೂಲದಲ್ಲೇ ವಸೂಲಾದ ತೆರಿಗೆ. ರಿಟರ್ನ್ ಸಲ್ಲಿಸುವಾಗ ಅದನ್ನು ಪೂರ್ತಿಯಾಗಿ ಲೆಕ್ಕಕ್ಕೆ ಹಿಡಿಯಬಹುದು. ನೀವು ಕಟ್ಟಬೇಕಾದ ತೆರಿಗೆಯೇ ಇಲ್ಲದಿದ್ದರೆ ಅಷ್ಟೂ ರಿಫಂಡ್ ಆಗಿ ಬರುತ್ತದೆ.

ಈಗ ರಿಟರ್ನ್ ಸಲ್ಲಿಸಬೇಕಿರುವುದು 2025-26ರ ಆರ್ಥಿಕ ವರ್ಷಕ್ಕಾದ್ದರಿಂದ ಲೆಕ್ಕವನ್ನೂ ಆ ವರ್ಷದ ದರದಲ್ಲೇ ಹಾಕೋಣ.

ಯಾವುದಕ್ಕೆ ಬೀಳುತ್ತದೆ, ಯಾವುದಕ್ಕಿಲ್ಲ

ಭಾರತದಲ್ಲಿ ನೆಲೆಸಿರುವ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ವಿದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ಅವಕಾಶ ಕೊಡುತ್ತದೆ. ಹಾಗೆ ಕಳಿಸಿದ ಹಣದಲ್ಲಿ ವರ್ಷಕ್ಕೆ ಮೊದಲ 10 ಲಕ್ಷ ರೂಪಾಯಿಗೆ ಟಿಸಿಎಸ್ ಇಲ್ಲ. 2025ರ ಮಾರ್ಚ್‌ವರೆಗೆ ಈ ಮಿತಿ 7 ಲಕ್ಷವಿತ್ತು. ಮಿತಿ ದಾಟಿದ ಭಾಗಕ್ಕೆ ಮಾತ್ರ ತೆರಿಗೆ: ಶಿಕ್ಷಣ ಮತ್ತು ವೈದ್ಯಕೀಯ ಚಿಕಿತ್ಸೆಗಾದರೆ 5%, ಪ್ರವಾಸ, ಉಡುಗೊರೆ, ಷೇರು ಹೂಡಿಕೆ ಮುಂತಾದ ಉಳಿದೆಲ್ಲಕ್ಕೆ 20%. ಸೆಕ್ಷನ್ 80ಇ ಅಡಿ ಬರುವ ಹಣಕಾಸು ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣ ಕಳಿಸಿದರೆ ಟಿಸಿಎಸ್ಸೇ ಇಲ್ಲ. 2026ರ ಏಪ್ರಿಲ್‌ನಿಂದ ಶಿಕ್ಷಣ ಮತ್ತು ಚಿಕಿತ್ಸೆಯ ದರ 2%ಕ್ಕೆ ಇಳಿದಿದೆ. ಉಳಿದ ಉದ್ದೇಶಗಳಿಗೆ 20% ಹಾಗೆಯೇ ಇದೆ.

ಕಾರ್ಡ್ ವಿಚಾರದಲ್ಲಿ ಗೊಂದಲ ಇನ್ನೂ ಹೋಗಿಲ್ಲ, ಅದಕ್ಕೆ ಕಾರಣ ಸರ್ಕಾರವೇ. 2023ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡನ್ನೂ ಎಲ್‌ಆರ್‌ಎಸ್ ಲೆಕ್ಕಕ್ಕೆ ತರುವುದಾಗಿ ಅಧಿಸೂಚನೆ ಬಂತು. ಗಲಾಟೆಯಾದ ಮೇಲೆ ಜೂನ್ ಕೊನೆಯಲ್ಲಿ ಅದನ್ನು ಮುಂದೂಡಲಾಯಿತು. ಹಾಗಾಗಿ ವಿದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡ್ ಉಜ್ಜಿದ ಖರ್ಚು ಈ 10 ಲಕ್ಷದ ಲೆಕ್ಕಕ್ಕೆ ಬರುವುದಿಲ್ಲ. ಡೆಬಿಟ್ ಕಾರ್ಡ್ ಮತ್ತು ಫಾರೆಕ್ಸ್ ಕಾರ್ಡ್ ಹಾಗಲ್ಲ. ಡೆಬಿಟ್ ಕಾರ್ಡಿನಲ್ಲಿ ಅಲ್ಲಿನ ಹೋಟೆಲಿಗೆ ಕೊಟ್ಟ ಹಣ, ಎಟಿಎಂನಿಂದ ತೆಗೆದ ಹಣ, ಫಾರೆಕ್ಸ್ ಕಾರ್ಡಿಗೆ ತುಂಬಿಸಿದ ಹಣ ಎಲ್ಲವೂ ಸೇರುತ್ತವೆ. ಇನ್ನೊಂದು ಮಾತು: ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಕಾಣುವ ವಿದೇಶಿ ವಿನಿಮಯ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿಗೂ ಟಿಸಿಎಸ್‌ಗೂ ಸಂಬಂಧವಿಲ್ಲ. ಆ ದುಡ್ಡು ಹೋಯಿತು ಎಂದೇ ಲೆಕ್ಕ.

ಒಂದು ಮನೆಯ ಲೆಕ್ಕ

ಗಂಡ ಹೆಂಡತಿ ಇಬ್ಬರೂ ಸಂಬಳದವರು, ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ ಎಂದುಕೊಳ್ಳಿ. ಎಲ್ಲ ವ್ಯವಹಾರವೂ ತಂದೆಯ ಖಾತೆಯಿಂದಲೇ. 2025ರ ಜುಲೈನಲ್ಲಿ 8 ಲಕ್ಷ ಶುಲ್ಕ ಕಟ್ಟಿದರು. ಮಿತಿಯೊಳಗೇ ಇದ್ದುದರಿಂದ ಟಿಸಿಎಸ್ ಇಲ್ಲ. ಅಕ್ಟೋಬರ್‌ನಲ್ಲಿ ಮನೆಯವರು ರಜೆಗೆ ಹೊರಟಾಗ ಫಾರೆಕ್ಸ್ ಕಾರ್ಡಿಗೆ 3 ಲಕ್ಷ ತುಂಬಿಸಿದರು. ಒಟ್ಟು 11 ಲಕ್ಷವಾಯಿತು. ಮಿತಿ ಮೀರಿದ 1 ಲಕ್ಷ ಪ್ರವಾಸದ ಹಣವಾದ್ದರಿಂದ 20% ಲೆಕ್ಕದಲ್ಲಿ 20,000 ರೂಪಾಯಿ ಹೋಯಿತು. ಜನವರಿಯಲ್ಲಿ ಎರಡನೇ ಸೆಮಿಸ್ಟರಿಗೆ 6 ಲಕ್ಷ. ಈಗ ಪೂರ್ತಿ ಮೊತ್ತಕ್ಕೆ 5%, ಅಂದರೆ 30,000. ವರ್ಷಕ್ಕೆ ಒಟ್ಟು 50,000.

ಇಲ್ಲಿ ಗಮನಿಸಬೇಕಾದದ್ದು, ಶಿಕ್ಷಣಕ್ಕೊಂದು, ಪ್ರವಾಸಕ್ಕೊಂದು ಎಂದು ಬೇರೆ ಬೇರೆ 10 ಲಕ್ಷ ಇಲ್ಲ. ಇರುವುದು ಒಂದೇ, ಯಾವುದು ಮೊದಲು ಹೋಗುತ್ತದೋ ಅದು ಮಿತಿಯನ್ನು ತಿನ್ನುತ್ತದೆ. ಇದೇ ತಂದೆ ಫಾರೆಕ್ಸ್ ಕಾರ್ಡನ್ನು ಜೂನ್‌ನಲ್ಲೇ ತುಂಬಿಸಿಟ್ಟು ಆಮೇಲೆ ಶುಲ್ಕ ಕಟ್ಟಿದ್ದರೆ, ಮಿತಿ ಮೀರಿದ್ದೆಲ್ಲ ಶಿಕ್ಷಣದ ಹಣವೇ ಆಗಿ ಒಟ್ಟು 35,000ಕ್ಕೆ ಮುಗಿಯುತ್ತಿತ್ತು. ಇನ್ನೂ ಮೇಲಾದ ದಾರಿಯೊಂದಿದೆ. ಮಿತಿ ಮನೆಗಲ್ಲ, ಪ್ರತಿ ಪ್ಯಾನ್‌ಗೆ. ಜುಲೈ ಶುಲ್ಕ ತಂದೆಯ ಖಾತೆಯಿಂದ, ಪ್ರವಾಸದ 3 ಲಕ್ಷ ಮತ್ತು ಜನವರಿಯ 6 ಲಕ್ಷ ತಾಯಿಯ ಖಾತೆಯಿಂದ ಹೋಗಿದ್ದರೆ ಅವರದು 8 ಲಕ್ಷ, ಇವರದು 9 ಲಕ್ಷ. ಒಂದು ರೂಪಾಯಿ ಟಿಸಿಎಸ್ಸೂ ಬೀಳುತ್ತಿರಲಿಲ್ಲ. ಹೇಗೂ ವಾಪಸ್ ಬರುತ್ತದಲ್ಲ ಎನ್ನಬಹುದು. ಬರುತ್ತದೆ ನಿಜ, ಆದರೆ ಶುಲ್ಕ ಕಟ್ಟುವ ತಿಂಗಳಲ್ಲಿ ಕೈಯಲ್ಲಿರುವ ಮೂವತ್ತು ಸಾವಿರಕ್ಕೂ ಮುಂದಿನ ವರ್ಷ ಬರುವ ಮೂವತ್ತು ಸಾವಿರಕ್ಕೂ ವ್ಯತ್ಯಾಸವಿದೆ.

ಬ್ಯಾಂಕಿನ ಫಾರ್ಮಿನಲ್ಲಿ ಎಡವುವ ಜಾಗ

ಹಣ ಕಳಿಸುವಾಗ ಫಾರ್ಮ್ ಎ2ರಲ್ಲಿ ಉದ್ದೇಶದ ಕೋಡ್ ಆರಿಸಬೇಕು. ದರ ತೀರ್ಮಾನವಾಗುವುದು ಇಲ್ಲೇ. ವಿದೇಶದಲ್ಲಿ ಓದುತ್ತಿರುವ ಮಕ್ಕಳ ಶುಲ್ಕ, ಹಾಸ್ಟೆಲ್ ಖರ್ಚಿಗೆ `S0305`. ಅನೇಕರು ಮಗಳ ಊಟ, ಬಾಡಿಗೆಗೆ ಎಂದು ಕಳಿಸುವಾಗ ಕುಟುಂಬ ನಿರ್ವಹಣೆಯ `S1301` ಆರಿಸಿಬಿಡುತ್ತಾರೆ. ಹೆಸರು ಕೇಳಲು ಸರಿಯೆನಿಸುತ್ತದೆ, ಆದರೆ ಅದು ಶಿಕ್ಷಣದ ದರಕ್ಕೆ ಬರುವುದಿಲ್ಲ. ಮಿತಿ ದಾಟಿದ್ದರೆ 20% ಬೀಳುತ್ತದೆ. ವಿದೇಶದಲ್ಲಿ ಓದುವವರ ಪ್ರಯಾಣ ಮತ್ತು ದಿನನಿತ್ಯದ ಖರ್ಚೂ ಶಿಕ್ಷಣದ ಖರ್ಚೇ ಎಂದು ನೇರ ತೆರಿಗೆ ಮಂಡಳಿ 2023ರಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿದೆ. ಕಾಲೇಜಿನ ಪ್ರವೇಶ ಪತ್ರವನ್ನು ಜೊತೆಗಿಟ್ಟು ಕೇಳಿ.

ಎರಡು ಬ್ಯಾಂಕುಗಳಿಂದ ಕಳಿಸುವವರು, ಆ ವರ್ಷ ಬೇರೆಡೆಯಿಂದ ಎಷ್ಟು ಕಳಿಸಿದ್ದೀರಿ ಎಂದು ಘೋಷಣೆ ಕೊಡಬೇಕಾಗುತ್ತದೆ. ಅದನ್ನು ಸರಿಯಾಗಿ ಬರೆಯಿರಿ. ಬ್ಯಾಂಕು ನಿಮ್ಮ ಮಾತನ್ನು ನಂಬಿ ಟಿಸಿಎಸ್ ಬಿಟ್ಟರೂ, ಘೋಷಣೆ ಸುಳ್ಳಾದರೆ ಹೊಣೆ ನಿಮ್ಮದು.

ಸಂಬಳದವರು ಕಾಯಬೇಕಿಲ್ಲ

ರಿಫಂಡಿಗೆ ಮುಂಚೆಯೇ ಟಿಸಿಎಸ್ ಹಣವನ್ನು ಸರಿದೂಗಿಸಿಕೊಳ್ಳುವ ದಾರಿ 2024ರ ಅಕ್ಟೋಬರ್‌ನಿಂದ ತೆರೆದಿದೆ. ಆದರೆ ಸಂಬಳ ಹಾಕುವ ವಿಭಾಗ ತಾನಾಗಿ ಇದನ್ನು ಹೇಳುವುದು ಅಪರೂಪ. ನಿಮ್ಮಿಂದ ವಸೂಲಾದ ಟಿಸಿಎಸ್ ವಿವರವನ್ನು ಕಚೇರಿಗೆ ಕೊಟ್ಟರೆ ಅಷ್ಟನ್ನು ನಿಮ್ಮ ಟಿಡಿಎಸ್‌ನಲ್ಲಿ ಕಡಿಮೆ ಹಿಡಿಯುತ್ತಾರೆ. 2025-26ರಲ್ಲಿ ಇದಕ್ಕಿದ್ದದ್ದು ಫಾರ್ಮ್ 12ಬಿಎಎ.

ನಮ್ಮ ಉದಾಹರಣೆಯ ತಂದೆಯ ವಾರ್ಷಿಕ ತೆರಿಗೆ 2,10,000 ಎನ್ನಿ. ಜನವರಿಯ ಪಾವತಿಯಾದ ಕೂಡಲೇ ಆ ಫಾರ್ಮ್ ಕೊಟ್ಟಿದ್ದರೆ ಕಚೇರಿ ಒಟ್ಟು 1,60,000 ಮಾತ್ರ ಕಡಿತ ಮಾಡುತ್ತಿತ್ತು, ಜನವರಿಯಿಂದ ಮಾರ್ಚ್‌ವರೆಗಿನ ಸಂಬಳ ಒಟ್ಟು ಅಷ್ಟು ಹೆಚ್ಚು ಬರುತ್ತಿತ್ತು. ಕೊಡಲಿಲ್ಲವಾದ್ದರಿಂದ ಕಚೇರಿ ಪೂರ್ತಿ 2,10,000 ಹಿಡಿದಿದೆ, ಬ್ಯಾಂಕು 50,000 ಹಿಡಿದಿದೆ. ಹೆಚ್ಚಾದ 50,000 ರಿಟರ್ನ್ ಮೂಲಕವೇ ಬರಬೇಕು. ಸ್ವಂತ ಉದ್ಯೋಗದವರಾದರೆ ಮುಂಗಡ ತೆರಿಗೆ ಕಂತು ಲೆಕ್ಕ ಹಾಕುವಾಗ ಟಿಸಿಎಸ್ ಕಳೆದು ಉಳಿದದ್ದನ್ನು ಕಟ್ಟಿದರೆ ಸಾಕು.

ರಿಟರ್ನ್‌ನಲ್ಲಿ ಪಡೆಯುವ ಕ್ರಮ

1. ಮೇ ಕೊನೆಯವರೆಗೆ ತಾಳ್ಮೆಯಿರಲಿ. ಬ್ಯಾಂಕುಗಳು ಮೂರು ತಿಂಗಳಿಗೊಮ್ಮೆ ಟಿಸಿಎಸ್ ವಿವರ ಸಲ್ಲಿಸುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ವಿವರಕ್ಕೆ ಕೊನೆಯ ದಿನ ಮೇ 15. ಏಪ್ರಿಲ್‌ನಲ್ಲೇ ರಿಟರ್ನ್ ಹಾಕಲು ಕೂತರೆ ಆ ಜನವರಿಯ 30,000 ಎಲ್ಲೂ ಕಾಣದೆ ಗಾಬರಿಯಾಗುತ್ತದೆ.

2. ಬ್ಯಾಂಕಿನಿಂದ ಫಾರ್ಮ್ 27ಡಿ ತರಿಸಿಕೊಳ್ಳಿ. ಟಿಸಿಎಸ್ ವಸೂಲಾದ ಪ್ರಮಾಣಪತ್ರ ಇದೇ.

3. `incometax.gov.in` ತಾಣಕ್ಕೆ ಲಾಗಿನ್ ಆಗಿ `e-File`, `Income Tax Returns`, `View Form 26AS` ಒತ್ತಿ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾದ ತೆರಿಗೆಯ ಪಟ್ಟಿ ಇದು. ಅಸೆಸ್‌ಮೆಂಟ್ ವರ್ಷ `2026-27` ಆರಿಸಿ. ಆರ್ಥಿಕ ವರ್ಷ 2025-26ಕ್ಕೆ ಇದೇ ಸರಿಯಾದ ಆಯ್ಕೆ. ಟಿಸಿಎಸ್ ಇರುವುದು ಆರನೇ ಭಾಗದಲ್ಲಿ. ಬ್ಯಾಂಕಿನ ಹೆಸರು, ಟ್ಯಾನ್, ದಿನಾಂಕ, ಮೊತ್ತಗಳನ್ನು ಪ್ರಮಾಣಪತ್ರದೊಂದಿಗೆ ತಾಳೆ ನೋಡಿ. ಸ್ಥಿತಿಯ ಅಂಕಣದಲ್ಲಿ `F` ಇದ್ದರೆ ತಾಳೆಯಾಗಿದೆ ಎಂದರ್ಥ.

4. ರಿಟರ್ನ್‌ನಲ್ಲಿ ಟಿಸಿಎಸ್ ಷೆಡ್ಯೂಲ್ ತೆರೆದು ನೋಡಿ. ಸಾಮಾನ್ಯವಾಗಿ ವಿವರ ಮೊದಲೇ ತುಂಬಿರುತ್ತದೆ, ಆದರೆ ಈ ವರ್ಷ ಪಡೆಯುವ ಮೊತ್ತದ ಅಂಕಣವನ್ನು ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ. ಅದು ಖಾಲಿ ಉಳಿದರೆ ಕ್ರೆಡಿಟ್ ಬರುವುದಿಲ್ಲ.

ಷೇರು ಕೊಳ್ಳಲು ವಿದೇಶಿ ಬ್ರೋಕರ್ ಖಾತೆಗೆ ಹಣ ಕಳಿಸಿದವರಿಗೆ ಒಂದು ಎಚ್ಚರಿಕೆ. ವಿದೇಶದಲ್ಲಿ ಆಸ್ತಿ ಇರುವವರು ಐಟಿಆರ್-1 ಸಲ್ಲಿಸುವಂತಿಲ್ಲ. ಐಟಿಆರ್-2 ಅಥವಾ ನಿಮಗೆ ಅನ್ವಯಿಸುವ ಬೇರೆ ಫಾರ್ಮಿನಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ತುಂಬಬೇಕು. ನಿಮ್ಮ ಹಣ ಹೊರಗೆ ಹೋಗಿದೆ ಎಂಬುದು ಟಿಸಿಎಸ್ ಮೂಲಕ ಇಲಾಖೆಗೆ ಮೊದಲೇ ಗೊತ್ತಿರುತ್ತದೆ.

ರಿಟರ್ನ್ ಕೊನೆಯ ದಿನಾಂಕದೊಳಗೆ ಹಾಕಿದ್ದು, ರಿಫಂಡ್ ಮೊತ್ತ ನಿಮ್ಮ ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇಲ್ಲದಿದ್ದರೆ, ಏಪ್ರಿಲ್‌ನಿಂದ ತಿಂಗಳಿಗೆ 0.5% ಬಡ್ಡಿ ಸೇರುತ್ತದೆ. ನಮ್ಮ ಉದಾಹರಣೆಯ ತಂದೆಗೆ ಅದು ಸಿಗುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಣ ಸಿಕ್ಕಿಕೊಂಡಿದ್ದಕ್ಕೆ ಮಾತ್ರ ಏನೂ ಇಲ್ಲ.

ಕಾಣದಿದ್ದರೆ, ಕಡಿಮೆ ಕೊಟ್ಟರೆ

26ಎಎಸ್‌ನಲ್ಲಿ ನಮೂದೇ ಇಲ್ಲದಿದ್ದರೆ ಎರಡು ಸಾಧ್ಯತೆ: ಬ್ಯಾಂಕು ವಿವರ ಸಲ್ಲಿಸಿಲ್ಲ, ಇಲ್ಲವೇ ಪ್ಯಾನ್ ತಪ್ಪಾಗಿದೆ. ಎರಡಕ್ಕೂ ಪರಿಹಾರ ಬ್ಯಾಂಕಿನ ಕೈಯಲ್ಲಿದೆ, ತಿದ್ದುಪಡಿ ವಿವರವನ್ನು ಅದೇ ಸಲ್ಲಿಸಬೇಕು. ವ್ಯವಹಾರದ ದಿನಾಂಕ ಮತ್ತು ಮೊತ್ತ ಬರೆದು ಲಿಖಿತವಾಗಿ ಕೇಳಿ. ಪ್ಯಾನ್ ತಪ್ಪಿಲ್ಲದಿದ್ದರೂ ಕೆಲವೊಮ್ಮೆ ಹಣ ಬೇರೆಯವರ ಹೆಸರಿನಲ್ಲಿರುತ್ತದೆ: ಮಗಳ ಇಲ್ಲಿನ ಖಾತೆಗೆ ಹಣ ಹಾಕಿ ಅಲ್ಲಿಂದ ಕಳಿಸಿದ್ದರೆ ಟಿಸಿಎಸ್ ಬಿದ್ದಿರುವುದು ಅವಳ ಪ್ಯಾನ್ ಮೇಲೆ. ವಯಸ್ಕ ಮಗಳಾದರೆ ತಂದೆ ಅದನ್ನು ಕೇಳುವಂತಿಲ್ಲ. ಅವಳಿಗೆ ಆದಾಯವಿಲ್ಲದಿದ್ದರೂ ಅವಳೇ ರಿಟರ್ನ್ ಹಾಕಿ ರಿಫಂಡ್ ಪಡೆಯಬೇಕು.

ರಿಟರ್ನ್ ಪರಿಶೀಲನೆಯಾದ ಮೇಲೆ ಬರುವ 143(1) ಸೂಚನಾ ಪತ್ರದಲ್ಲಿ ನೀವು ಕೇಳಿದ ಟಿಸಿಎಸ್ ಮತ್ತು ಇಲಾಖೆ ಒಪ್ಪಿದ ಟಿಸಿಎಸ್ ಅಕ್ಕಪಕ್ಕ ಇರುತ್ತವೆ. ಎರಡನೆಯದು ಕಡಿಮೆಯಿದ್ದರೆ ಮೊದಲು 26ಎಎಸ್ ಮತ್ತೆ ತೆರೆಯಿರಿ. ಅಷ್ಟರಲ್ಲಿ ಬ್ಯಾಂಕಿನ ತಿದ್ದುಪಡಿ ಬಂದಿದ್ದರೆ ಪೋರ್ಟಲ್‌ನಲ್ಲೇ ಸೆಕ್ಷನ್ 154ರ ಅಡಿ ತಿದ್ದುಪಡಿ ಕೋರಿ ಅರ್ಜಿ ಹಾಕಬಹುದು. 26ಎಎಸ್‌ನಲ್ಲಿ ಇನ್ನೂ ಕಾಣದಿರುವಾಗ ಈ ಅರ್ಜಿ ಹಾಕಿದರೆ ಮತ್ತೆ ಅದೇ ಉತ್ತರ ಬರುತ್ತದೆ.