ಐವತ್ತೆಂಟಕ್ಕೆ ಎಷ್ಟು ದುಡ್ಡು ಬೇಕು: ಹಾಸನದಲ್ಲಿ ಕೂತು ನಾನು ಹಾಕಿದ ಲೆಕ್ಕ

ನನಗೀಗ 34. ಹಾಸನದಲ್ಲೇ ಖಾಸಗಿ ಕೆಲಸ, ಪಿಂಚಣಿ ಅಂತ ನೆಚ್ಚಿಕೊಳ್ಳುವಂಥದ್ದು ಏನೂ ಇಲ್ಲ. 58ಕ್ಕೆ ನಿವೃತ್ತಿ ಅಂದುಕೊಂಡರೆ ಕೈಯಲ್ಲಿ 24 ವರ್ಷ ಇದೆ.

ಈ ಲೆಕ್ಕವನ್ನು ಸಂಬಳದಿಂದ ಶುರು ಮಾಡಬಾರದು, ಖರ್ಚಿನಿಂದ ಮಾಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ನಮ್ಮ ಮನೆ ಖರ್ಚು ತಿಂಗಳಿಗೆ 56,000. ಅದರಲ್ಲಿ ಮನೆ ಸಾಲದ ಕಂತು 17,000, ಮಗಳ ಸ್ಕೂಲು ಮತ್ತು ವ್ಯಾನ್ 8,000. ಇವೆರಡೂ ಆಗ ಇರಲ್ಲ, ಅಲ್ವಾ? ಉಳಿದದ್ದು 31,000. ಅದಕ್ಕೆ ಆರೋಗ್ಯ ವಿಮೆ, ಔಷಧಿ ಅಂತ 2,500 ಸೇರಿಸಿದೆ. ಮನೆಗೆ ಬಣ್ಣ, ಹಳೇ ಸ್ಕೂಟರ್ ಬದಲಿಸುವುದು ಇಂಥ ಅಪರೂಪದ ಖರ್ಚುಗಳನ್ನು ತಿಂಗಳಿಗೆ ಹಂಚಿ 1,500 ಹಾಕಿದೆ. ಒಟ್ಟು 35,000. ವರ್ಷಕ್ಕೆ 4.2 ಲಕ್ಷ.

ಇದು ಇವತ್ತಿನ ದುಡ್ಡು. ಬೆಲೆ ಏರಿಕೆ ವರ್ಷಕ್ಕೆ ಶೇ. 6 ಅಂತ ಹಿಡಿದೆ. ರಿಸರ್ವ್ ಬ್ಯಾಂಕಿನ ಗುರಿ ಶೇ. 4, ಮೇಲಿನ ಮಿತಿ ಶೇ. 6. ನಾನು ಮಿತಿಯನ್ನೇ ಹಿಡಿದಿದ್ದೇನೆ. ಶೇ. 6ರಲ್ಲಿ 12 ವರ್ಷಕ್ಕೆ ಖರ್ಚು ಎರಡು ಪಟ್ಟು, 24 ವರ್ಷಕ್ಕೆ ನಾಲ್ಕು ಪಟ್ಟು. ಅಂದರೆ ಇದೇ ಜೀವನಕ್ಕೆ ಆಗ ತಿಂಗಳಿಗೆ 1.4 ಲಕ್ಷ ಬೇಕು.

ಮುಂದಿನ ಪ್ರಶ್ನೆ, ಎಷ್ಟು ಕೂಡಿಟ್ಟರೆ ಇದು ಹುಟ್ಟುತ್ತದೆ? ನಮ್ಮ ಚಿಕ್ಕಪ್ಪನ ಲೆಕ್ಕ ಸಲೀಸು. "ಇವತ್ತಿನ ಲೆಕ್ಕದಲ್ಲಿ 60 ಲಕ್ಷ ಎಫ್‌ಡಿ ಇಡು ಕಣೋ. ಶೇ. 7 ಬಡ್ಡಿ ಅಂದ್ರೆ ವರ್ಷಕ್ಕೆ 4.2 ಲಕ್ಷ ಬರುತ್ತೆ, ಅಸಲು ಹಾಗೇ ಇರುತ್ತೆ."

ಮೊದಲ ವರ್ಷಕ್ಕೆ ಅವರು ಹೇಳಿದ್ದು ಸರಿ. ಆದರೆ ಖರ್ಚು ಪ್ರತಿ ವರ್ಷ ಏರುತ್ತದೆ, ಬಡ್ಡಿ ಏರಲ್ಲ. ಎಕ್ಸೆಲ್‌ನಲ್ಲಿ B2ರಲ್ಲಿ ಅಸಲು, C2ರಲ್ಲಿ ಆ ವರ್ಷದ ಖರ್ಚು ಹಾಕಿ ಮೂರನೇ ಸಾಲಿಗೆ ಇಷ್ಟು ಬರೆದೆ:

```
B3: =B2*1.07-C2
C3: =C2*1.06
```

ಇದನ್ನು ಕೆಳಕ್ಕೆ ಎಳೆದರೆ ಸಾಕು. 60 ಲಕ್ಷ ಹತ್ತು ವರ್ಷಕ್ಕೆ 44 ಲಕ್ಷಕ್ಕೆ ಇಳಿಯುತ್ತದೆ. ಆಮೇಲೆ ಸರಸರ ಕರಗಿ, 17ನೇ ವರ್ಷದ ಖರ್ಚಿಗೆ ಸಾಲದೇ ಹೋಗುತ್ತದೆ. ಅಂದರೆ 75ಕ್ಕೆ ಕೈ ಖಾಲಿ.

ಇಲ್ಲಿ ಬರುವುದೇ ಸುರಕ್ಷಿತ ವಿತ್‌ಡ್ರಾ ದರ. ಮೊದಲ ವರ್ಷ ಒಟ್ಟು ಹಣದಲ್ಲಿ ಶೇಕಡಾ ಎಷ್ಟು ತೆಗೆದರೆ, ನಂತರ ಪ್ರತಿ ವರ್ಷ ಆ ಮೊತ್ತವನ್ನು ಬೆಲೆ ಏರಿಕೆಯಷ್ಟು ಏರಿಸುತ್ತಾ ಹೋದರೂ, ಹಣ ಬದುಕಿರುವವರೆಗೆ ಬರುತ್ತದೆ ಅನ್ನುವ ಲೆಕ್ಕ. ಪ್ರತಿ ವರ್ಷ ಉಳಿದದ್ದರಲ್ಲಿ ಅಷ್ಟೇ ಶೇಕಡಾ ತೆಗೆಯುವುದಲ್ಲ, ಅದು ಬೇರೆ. ಶೇ. 4 ಅನ್ನುವ ಸಂಖ್ಯೆ ಪ್ರಸಿದ್ಧವಾದದ್ದು 1994ರಲ್ಲಿ, ವಿಲಿಯಂ ಬೆಂಗೆನ್ ಅನ್ನುವ ಹಣಕಾಸು ಸಲಹೆಗಾರರಿಂದ. ಆದರೆ ಅವರು ನೋಡಿದ್ದು ಅಮೆರಿಕದ ಷೇರು, ಬಾಂಡು, ಅಲ್ಲಿಯ ಬೆಲೆ ಏರಿಕೆ. ಗುರಿ 30 ವರ್ಷ. ಅದನ್ನು ಹಾಗೇ ಎತ್ತಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಹಾಗಾಗಿ B2ರಲ್ಲಿ ಬೇರೆ ಸಂಖ್ಯೆ ಹಾಕಿ ನೋಡಿದೆ. ಶೇ. 4 ಅಂದರೆ 105 ಲಕ್ಷ ಬೇಕು, 30 ವರ್ಷ ಬರುತ್ತದೆ, 88ರವರೆಗೆ. ಶೇ. 3.5 ಅಂದರೆ 120 ಲಕ್ಷ, 35 ವರ್ಷ, 93ರವರೆಗೆ. ಇನ್ನು ಬಡ್ಡಿಗೆ ತೆರಿಗೆ ಕಟ್ಟಿ ಕೈಗೆ ಶೇ. 6 ಮಾತ್ರ ಸಿಕ್ಕರೆ, ಶೇ. 3.5ರಲ್ಲೂ 30 ವರ್ಷ ಅಷ್ಟೇ. ನಾನು 3.5ಕ್ಕೆ ನಿಂತೆ. ಇವತ್ತಿನ ದುಡ್ಡಿನಲ್ಲಿ 1.2 ಕೋಟಿ, ಆಗಿನ ದುಡ್ಡಿನಲ್ಲಿ 4.8 ಕೋಟಿ. ಎರಡನೆಯದನ್ನು ಕೇಳಿದ ನನ್ನ ಹೆಂಡತಿ ನಕ್ಕಳು. ಅದಕ್ಕೇ ನಾವು ಮನೆಯಲ್ಲಿ ಮೊದಲನೆಯದರಲ್ಲೇ ಮಾತಾಡುವುದು.

ಬೆಲೆ ಏರಿಕೆಯನ್ನು ಕಳೆದು ಉಳಿತಾಯ ಶೇ. 3 ಬೆಳೆಯುತ್ತದೆ ಅಂತ ಇಟ್ಟುಕೊಂಡೆ. ಪಿಎಫ್‌ನಲ್ಲಿ ಈಗಿರುವ 9 ಲಕ್ಷ ಆ ಹೊತ್ತಿಗೆ ಸುಮಾರು 18 ಲಕ್ಷವಾಗುತ್ತದೆ. ಉಳಿದ 102 ಲಕ್ಷಕ್ಕೆ ತಿಂಗಳಿಗೆ ಸುಮಾರು 24,700 ಹಾಕಬೇಕು. ನನ್ನ ಮತ್ತು ಕಂಪನಿಯ ಪಾಲು ಸೇರಿ ಪಿಎಫ್‌ಗೆ 9,000 ಹೋಗುತ್ತಿದೆ. ಮಿಕ್ಕ 15,700 ಮ್ಯೂಚುವಲ್ ಫಂಡ್ ಎಸ್‌ಐಪಿಗೆ. ಇದನ್ನು ಪ್ರತಿ ಏಪ್ರಿಲ್‌ನಲ್ಲಿ ಶೇ. 6 ಏರಿಸಲೇಬೇಕು, ಇಲ್ಲದಿದ್ದರೆ ಈ ಲೆಕ್ಕ ನಿಲ್ಲಲ್ಲ.

ಸಕಲೇಶಪುರದ ಹತ್ತಿರ ನಮ್ಮ ಪಾಲಿಗೆ ಬರಬಹುದಾದ ಚೂರು ಕಾಫಿ ತೋಟವಿದೆ. ಅದನ್ನು ಸೇರಿಸಿಲ್ಲ. ಕಾಫಿ ರೇಟನ್ನು ನಂಬಿ ಔಷಧಿ ಅಂಗಡಿಗೆ ಹೋಗೋಕೆ ಆಗಲ್ಲ.

ಈ ಎಕ್ಸೆಲ್ ಮುಚ್ಚಿಡುವ ಒಂದು ಅಪಾಯವೂ ಇದೆ. ಅದರಲ್ಲಿ ಪ್ರತಿ ವರ್ಷ ನೆಟ್ಟಗೆ ಶೇ. 7 ಬರುತ್ತದೆ. ನಿಜದಲ್ಲಿ ನಿವೃತ್ತಿಯಾದ ಮೊದಲ ಎರಡು ಮೂರು ವರ್ಷ ಷೇರುಪೇಟೆ ಬಿದ್ದರೆ, ಬಿದ್ದ ಬೆಲೆಗೇ ಮಾರಿ ತಿನ್ನಬೇಕಾಗುತ್ತದೆ. ಆಮೇಲೆ ಪೇಟೆ ಎದ್ದರೂ ಏಳೋಕೆ ಯೂನಿಟ್ಟೇ ಉಳಿದಿರಲ್ಲ. ಅದಕ್ಕಾಗಿ 55 ದಾಟಿದ ಮೇಲೆ ಮೂರು ವರ್ಷದ ಖರ್ಚನ್ನು ಸ್ವಲ್ಪ ಸ್ವಲ್ಪವಾಗಿ ಎಫ್‌ಡಿಗೆ ತರುವುದು ಅಂತ ಅದೇ ಫೈಲಿನ ಕೆಳಗೆ ಬರೆದಿಟ್ಟಿದ್ದೇನೆ.