ಕೂಡಿದರೆ 345, ಅಚ್ಚಾಗಿದ್ದು 347: ಅಂಕಪಟ್ಟಿಯ ಮೊತ್ತ ಸರಿಪಡಿಸುವುದು ಹೇಗೆ?

ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಐದು ವಿಷಯಗಳ ಅಂಕ ಹೀಗೆ ಅಚ್ಚಾಗಿದೆ ಎಂದಿಟ್ಟುಕೊಳ್ಳಿ: 72, 65, 81, 58, 69. ಕೆಳಗೆ ಒಟ್ಟು 347. ಪಟ್ಟಿ ಕೈಗೆ ಬಂದವರು ಬೆರಳೆಣಿಸಿ ಕೂಡಿದರೆ 345 ಬರುತ್ತದೆ. ಎರಡು ಅಂಕ ಎಲ್ಲಿಂದ ಬಂತು ಎಂದು ಕೇಳಿದರೆ, ಎಕ್ಸೆಲ್‌ನಲ್ಲಿ ಪಟ್ಟಿ ತಯಾರಿಸಿದವರು ಅಲ್ಲಿನ ಸೂತ್ರ ತೋರಿಸುತ್ತಾರೆ; ಸೂತ್ರದಲ್ಲಿ ತಪ್ಪೇನೂ ಇರುವುದಿಲ್ಲ. ತಪ್ಪು ಇರುವುದು ಕಣ್ಣಿಗೆ ಕಾಣದ ದಶಮಾಂಶಗಳಲ್ಲಿ.

ಪ್ರತಿ ವಿಷಯದ ಅಂಕ ಮೂರು ಪರೀಕ್ಷೆಗಳ ಸರಾಸರಿ. ಮೊದಲ ವಿಷಯದಲ್ಲಿ ಮೂರೂ ಸೇರಿ 217 ಬಂದಿದೆ. ಮೂರರಿಂದ ಭಾಗಿಸಿದರೆ 72.3333… ಉಳಿದ ನಾಲ್ಕರಲ್ಲೂ ಮೂರು ಪರೀಕ್ಷೆಗಳ ಮೊತ್ತ 196, 244, 175, 208. ಯಾವುದನ್ನು ಭಾಗಿಸಿದರೂ ಕೊನೆಗೆ .3333 ಬರುತ್ತದೆ. ದಶಮಾಂಶ ಬೇಡವೆಂದು ಕೋಶಗಳ ಫಾರ್ಮ್ಯಾಟ್ ಅನ್ನು ಪೂರ್ಣಾಂಕಕ್ಕೆ ಬದಲಿಸಲಾಗಿದೆ. ಆದರೆ ಫಾರ್ಮ್ಯಾಟ್ ಬದಲಿಸುವುದು ತೋರಿಕೆಗೆ ಮಾತ್ರ. ಕೋಶದೊಳಗೆ 72.3333 ಹಾಗೆಯೇ ಉಳಿದಿರುತ್ತದೆ, SUM ಕೂಡುವುದು ಅದನ್ನೇ. ಐದು ಸಲ ಮೂರನೇ ಒಂದು ಭಾಗ ಸೇರಿ ಸುಮಾರು 1.67 ಆಯಿತು, ಮೊತ್ತ 346.67 ಆಗಿ 347 ಎಂದು ಅಚ್ಚಾಯಿತು. ಎಲ್ಲ ವಿಷಯಗಳಲ್ಲೂ .67 ಇದ್ದಿದ್ದರೆ ಅಚ್ಚಾದ ಮೊತ್ತ ವಿಷಯವಾರು ಅಂಕಗಳ ಮೊತ್ತಕ್ಕಿಂತ ಕಡಿಮೆಯಾಗುತ್ತಿತ್ತು.

ಮೊದಲು ಪತ್ತೆ ಹಚ್ಚಿ

ಕೋಶದ ಮೇಲೆ ಕ್ಲಿಕ್ ಮಾಡಿ ಮೇಲಿನ ಸೂತ್ರಪಟ್ಟಿಯನ್ನು ನೋಡಿದರೆ ಸಾಲದು. ಅಂಕವನ್ನು ನೇರವಾಗಿ ಟೈಪ್ ಮಾಡಿದ್ದರೆ ಅಲ್ಲಿ ಪೂರ್ಣ ಬೆಲೆ ಕಾಣುತ್ತದೆ, ಸೂತ್ರ ಬರೆದಿದ್ದರೆ ಕಾಣುವುದು ಸೂತ್ರವೇ. ಅದರ ಬದಲು ಪಟ್ಟಿಯ ಪಕ್ಕದ ಖಾಲಿ ಕಾಲಮಿನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ. ವಿಷಯಗಳು B2ರಿಂದ F2ವರೆಗೆ, ಒಟ್ಟು G2ರಲ್ಲಿ ಇದೆ ಎಂದು ಭಾವಿಸಿದ್ದೇನೆ:

```
=SUMPRODUCT(--(B2:F2<>ROUND(B2:F2,0)))
```

ದಶಮಾಂಶ ಅಡಗಿಸಿಕೊಂಡ ಕೋಶಗಳು ಎಷ್ಟೆಂದು ಇದು ಹೇಳುತ್ತದೆ. ನಮ್ಮ ವಿದ್ಯಾರ್ಥಿಯ ಸಾಲಿನಲ್ಲಿ 5 ಬರುತ್ತದೆ. ಎಲ್ಲ ಸಾಲುಗಳಲ್ಲೂ ಸೊನ್ನೆ ಬಂದರೆ ತೊಂದರೆ ಬೇರೆಡೆ ಇದೆ ಎಂದು ತಿಳಿಯಿರಿ.

ಯಾವ ಹಂತದಲ್ಲಿ ರೌಂಡ್ ಮಾಡಬೇಕು?

ಇದು ಕಂಪ್ಯೂಟರಿನ ಪ್ರಶ್ನೆಯಲ್ಲ, ಪರೀಕ್ಷಾ ನಿಯಮದ ಪ್ರಶ್ನೆ. ವಿಷಯವಾರು ಅಂಕವನ್ನು ಮೊದಲು ಪೂರ್ಣಾಂಕ ಮಾಡಿ ಆಮೇಲೆ ಕೂಡಿದರೆ ನಮ್ಮ ವಿದ್ಯಾರ್ಥಿಗೆ 345. ದಶಮಾಂಶ ಸಮೇತ ಕೂಡಿ ಕೊನೆಗೆ ರೌಂಡ್ ಮಾಡಿದರೆ 347. ಗಣಿತದ ದೃಷ್ಟಿಯಲ್ಲಿ ಎರಡೂ ಸರಿ. ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಅದನ್ನೇ ಪಾಲಿಸಿ. ಬರೆದಿಲ್ಲವಾದರೆ, ವಿಷಯವಾರು ಅಂಕ ಪೂರ್ಣಾಂಕದಲ್ಲಿ ಅಚ್ಚಾಗುವ ಪಟ್ಟಿಗೆ ಮೊದಲನೆಯ ದಾರಿಯೇ ನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಪಟ್ಟಿಯನ್ನು ಓದುವವರ ಮುಂದೆ ಇರುವುದು ಅಚ್ಚಾದ ಅಂಕಿಗಳು ಮಾತ್ರ. ಅವರು ಕೂಡಿ ನೋಡಿದರೆ ಲೆಕ್ಕ ತಾಳೆಯಾಗಬೇಕು. ಎರಡನೆಯ ದಾರಿಯೇ ನಿಯಮವಾಗಿದ್ದರೆ, ವಿಷಯವಾರು ಅಂಕವನ್ನೂ ಎರಡು ದಶಮಾಂಶಗಳೊಂದಿಗೆ ಅಚ್ಚು ಮಾಡಿಸಿ. ಆಗ ಕೂಡಿ ನೋಡಿದವರಿಗೂ 346.65 ಬರುತ್ತದೆ, ಮೊತ್ತ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಸೂತ್ರದೊಳಗೇ ROUND ಇಡಿ

ಮೊದಲ ವಿಷಯದ ಮೂರು ಪರೀಕ್ಷೆಗಳ ಅಂಕ H2ರಿಂದ J2ವರೆಗೆ ಇದ್ದರೆ, B2ರಲ್ಲಿ ಇದನ್ನು ಬರೆಯಿರಿ:

```
=ROUND(AVERAGE(H2:J2),0)
```

ಉಳಿದ ವಿಷಯಗಳಿಗೂ ಹೀಗೆಯೇ. G2ರಲ್ಲಿ =SUM(B2:F2) ಮೊದಲಿನಂತೆಯೇ ಇರಲಿ. ಈಗ ಕಾಣುವುದೂ 72, ಒಳಗಿರುವುದೂ 72, ಒಟ್ಟು 345. ಶೇಕಡಾವಾರನ್ನು ಈ ಒಟ್ಟು ಮೊತ್ತದಿಂದಲೇ ಲೆಕ್ಕ ಹಾಕಿ.

ಇದರಿಂದ ಮೊತ್ತವಷ್ಟೇ ಅಲ್ಲ, ಫಲಿತಾಂಶವೂ ನೆಟ್ಟಗಾಗುತ್ತದೆ. ಮೂರು ಪರೀಕ್ಷೆಗಳಲ್ಲಿ ಒಟ್ಟು 119 ಪಡೆದವರ ಸರಾಸರಿ 39.67, ಪಟ್ಟಿಯಲ್ಲಿ ಅದು 40 ಎಂದು ಕಾಣುತ್ತದೆ. ಉತ್ತೀರ್ಣಕ್ಕೆ 40 ಬೇಕೆಂದು IF(B2>=40,…) ಬರೆದಿದ್ದರೆ ಪಕ್ಕದಲ್ಲೇ ‘ಅನುತ್ತೀರ್ಣ’ ಎಂದು ಬರುತ್ತದೆ. 40 ಅಂಕದ ಎದುರು ಅನುತ್ತೀರ್ಣ ಎಂದು ಅಚ್ಚಾದ ಹಾಳೆಯನ್ನು ಒಬ್ಬ ವಿದ್ಯಾರ್ಥಿಯ ಕೈಗೆ ಕೊಡುವುದು ಸಣ್ಣ ವಿಷಯವಲ್ಲ.

ಎಕ್ಸೆಲ್‌ನ ಸುಧಾರಿತ ಆಯ್ಕೆಗಳಲ್ಲಿ Set precision as displayed ಎಂಬುದೊಂದಿದೆ. ಕಾಣುವಷ್ಟೇ ಬೆಲೆಯನ್ನು ಕೋಶದಲ್ಲಿ ಉಳಿಸುವ ಈ ಗುಂಡಿ ಸುಲಭದ ಪರಿಹಾರದಂತೆ ಕಾಣುತ್ತದೆ. ಅದನ್ನು ಮುಟ್ಟಬೇಡಿ. ಇಡೀ ಕಡತದಲ್ಲಿ ನೀವು ಟೈಪ್ ಮಾಡಿದ ಬೆಲೆಗಳ ದಶಮಾಂಶವನ್ನೂ ಅದು ಶಾಶ್ವತವಾಗಿ ಕತ್ತರಿಸುತ್ತದೆ. ಆಮೇಲೆ ಆಯ್ಕೆಯನ್ನು ತೆಗೆದರೂ ಕಳೆದದ್ದು ಬರುವುದಿಲ್ಲ.

ಫ್ಲೋಟಿಂಗ್ ಪಾಯಿಂಟ್ ಎಲ್ಲಿ ಬರುತ್ತದೆ?

ಮೊತ್ತ ತಾಳೆಯಾಗದಿದ್ದಾಗ ಹಲವರು ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಇಡುವ ಈ ವಿಧಾನದ ಮೇಲೆ ಬೆರಳು ತೋರಿಸುತ್ತಾರೆ. ಒಂದೆರಡು ಅಂಕದ ವ್ಯತ್ಯಾಸಕ್ಕೆ ಇದು ಸಾಮಾನ್ಯವಾಗಿ ನೇರ ಕಾರಣವಲ್ಲ. ಸ್ಪ್ರೆಡ್‌ಶೀಟ್ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ, 64 ಬಿಟ್‌ಗಳಲ್ಲಿ ಇಡುತ್ತದೆ. ನಮ್ಮ ದಶಮಾನದಲ್ಲಿ ಮೂರನೇ ಒಂದು ಭಾಗ ಹೇಗೆ ಮುಗಿಯದೆ ಮುಂದುವರಿಯುತ್ತದೆಯೋ, ದ್ವಿಮಾನದಲ್ಲಿ ಹತ್ತನೇ ಒಂದು ಭಾಗವೂ ಹಾಗೆಯೇ. ಆದ್ದರಿಂದ 0.1 ಎಂಬುದು ಒಳಗೆ 0.1ಕ್ಕೆ ಅತಿ ಹತ್ತಿರದ ಬೇರೊಂದು ಸಂಖ್ಯೆ. ಖಾಲಿ ಕೋಶದಲ್ಲಿ ಇದನ್ನು ಬರೆದು ಫಾರ್ಮ್ಯಾಟ್‌ನಲ್ಲಿ 15 ದಶಮಾಂಶ ಸ್ಥಾನಗಳನ್ನು ತೋರಿಸಿ:

```
=(43.1-43.2)+1
```

0.9 ಬರಬೇಕಾದಲ್ಲಿ 0.899999999999999 ಬರುತ್ತದೆ. ಅಂಕಿ ಅತಿ ಸಣ್ಣದು, ಆದರೆ ‘0.9ಕ್ಕೆ ಸಮವೇ?’ ಎಂದು ಕೇಳಿದರೆ ಉತ್ತರ ಇಲ್ಲ ಎಂದೇ. ಅಂಚಿನಲ್ಲಿರುವ ದರ್ಜೆ, ಎರಡು ಮೊತ್ತಗಳನ್ನು ಹೋಲಿಸುವ ಕೋಶ, ಇಂಥ ಕಡೆ ಇದು ಕಾಡುತ್ತದೆ. ಪೂರ್ಣಾಂಕಗಳು ಮತ್ತು ಅರ್ಧ, ಕಾಲು ಅಂಕಗಳು ದ್ವಿಮಾನದಲ್ಲಿ ಚೊಕ್ಕವಾಗಿ ಕೂರುತ್ತವೆ. ಅವನ್ನು ಕೂಡಿದರೆ ಇಂಥ ವ್ಯತ್ಯಾಸ ಏಳುವುದಿಲ್ಲ. ಹಾಗಾಗಿ ವಿಷಯವಾರು ಅಂಕಕ್ಕೆ ಪೂರ್ಣಾಂಕದ ROUND ಹಾಕಿದ ಮೇಲೆ ಮೊತ್ತದಲ್ಲಿ ಈ ಚಿಂತೆ ಇಲ್ಲ. ಎರಡು ದಶಮಾಂಶಗಳ ಅಂಕಗಳಾದರೆ ಮಾತ್ರ ಮೊತ್ತಕ್ಕೂ =ROUND(SUM(B2:F2),2) ಎಂದು ಹೊದಿಸಿ, ಹೋಲಿಕೆಯನ್ನು ಆ ಮೇಲೆ ಮಾಡಿ.

ಅಚ್ಚಿಗೆ ಹೋಗುವ ದಾರಿ

ಎಕ್ಸೆಲ್‌ನಿಂದ ಸಿಎಸ್‌ವಿ ಕಡತ ಉಳಿಸಿದರೆ ಕಾಣುವ ಅಂಕಿಗಳೇ ಹೋಗುತ್ತವೆ: 72, 65… ಮತ್ತು 347. ಮುದ್ರಣದ ತಂತ್ರಾಂಶ ತಾನೇ ಮತ್ತೆ ಕೂಡಿದರೆ 345 ಬರುತ್ತದೆ. ಒಂದೇ ವಿದ್ಯಾರ್ಥಿಗೆ ಎರಡು ಒಟ್ಟು ಮೊತ್ತ. ಮೇಲ್ ಮರ್ಜ್‌ನಲ್ಲಿ ಇದರ ತದ್ವಿರುದ್ಧ ನಡೆಯಬಹುದು: ಒಳಗಿನ ಬೆಲೆ ಎದ್ದು ಬಂದು ಹಾಳೆಯ ಮೇಲೆ ಉದ್ದನೆಯ 72.333… ಅಚ್ಚಾಗುತ್ತದೆ. ಸೂತ್ರದೊಳಗೆ ROUND ಇದ್ದರೆ ಈ ಎರಡೂ ತೊಂದರೆಗಳು ತಪ್ಪುತ್ತವೆ.

ಅರ್ಧ ಅಂಕದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಾಳೆಯ ROUND 62.5ನ್ನು 63 ಮಾಡುತ್ತದೆ. ಆದರೆ ಮ್ಯಾಕ್ರೋ ಬರೆಯುವ ವಿಬಿಎ ಭಾಷೆಯ Round, ಪೈಥಾನ್‌ನ round ಎರಡೂ ಹತ್ತಿರದ ಸಮ ಸಂಖ್ಯೆಗೆ ಹೋಗಿ 62 ಕೊಡುತ್ತವೆ. ಅಂಕಗಳನ್ನು ಒಂದೇ ಕಡೆ ರೌಂಡ್ ಮಾಡಿ, ಮುಂದಿನ ತಂತ್ರಾಂಶಕ್ಕೆ ಪೂರ್ಣಾಂಕಗಳನ್ನೇ ಕೊಡಿ.

ಈಗಾಗಲೇ ಬಳಕೆಯಲ್ಲಿರುವ ಪಟ್ಟಿಯಾದರೆ ಸೂತ್ರ ಬದಲಿಸುವ ಮುನ್ನ ಹಳೆಯ ಒಟ್ಟು ಕಾಲಮ್ಮನ್ನು ನಕಲಿಸಿ, ಬೆಲೆಗಳನ್ನು ಮಾತ್ರ ಪಕ್ಕದಲ್ಲಿ ಅಂಟಿಸಿಡಿ. ಅದು K ಕಾಲಮ್ಮಿನಲ್ಲಿದ್ದರೆ, ಬದಲಾವಣೆಯ ನಂತರ =G2-ROUND(K2,0) ಬರೆದು ಸೊನ್ನೆಯಲ್ಲದ ಸಾಲುಗಳನ್ನು ಫಿಲ್ಟರ್ ಮಾಡಿ. ನಮ್ಮ ವಿದ್ಯಾರ್ಥಿಯ ಎದುರು -2 ಕಾಣುತ್ತದೆ. ಆ ಸಾಲುಗಳ ದರ್ಜೆ, ಫಲಿತಾಂಶ, ಶ್ರೇಯಾಂಕಗಳನ್ನು ಒಂದೊಂದಾಗಿ ನೋಡಿ, ಹಳೆಯ ಪಟ್ಟಿ ಕೈಸೇರಿದವರಿಗೆ ತಿದ್ದಿದ ಪಟ್ಟಿಯನ್ನು ಕಾರಣ ಸಮೇತ ಕೊಡಿ.